ಗುಜರಿ ಅಂಗಡಿಯ ಲೆಕ್ಕ

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಒಂದು ಗುಜರಿ ಅಂಗಡಿ ಸಿಗುತ್ತದೆ. ಮುಂದೆ ತಕ್ಕಡಿ, ಒಳಗೆ ಸೂರು ಮುಟ್ಟುವ ರದ್ದಿ. ಮೂಲೆಯಲ್ಲಿ ಹೊಟ್ಟೆ ಬಗೆದ ಟಿವಿ. ಮನೆಯಲ್ಲಿ ಬೇಡವಾದದ್ದನ್ನು ದುಡ್ಡು ಕೊಟ್ಟು ಒಯ್ಯುತ್ತಾರಲ್ಲ, ಇವರಿಗೆ ಉಳಿಯುವುದೇನು ಎಂದು ನನಗೆ ಬಹಳ ದಿನ ಅನ್ನಿಸುತ್ತಿತ್ತು.

ಪೇಪರಿನಲ್ಲಂತೂ ಹೆಚ್ಚೇನೂ ಇಲ್ಲ. ದರ ವಾರವಾರಕ್ಕೂ ಏರಿಳಿಯುವುದರಿಂದ ಲೆಕ್ಕಕ್ಕೆಂದು ಕಿಲೋಗೆ 12 ರೂಪಾಯಿಯಂತೆ 200 ಕಿಲೋ ಕೊಂಡರು ಎಂದಿಟ್ಟುಕೊಳ್ಳೋಣ. ಕೊಟ್ಟದ್ದು 2,400 ರೂಪಾಯಿ. ಸಗಟು ವ್ಯಾಪಾರಿ 15ಕ್ಕೆ ಕೊಳ್ಳುತ್ತಾನೆ, ಆದರೆ ಕಟ್ಟಿನೊಳಗೆ ಕೈ ತೂರಿಸಿ ನೋಡಿ, ತೇವ ಇದೆ ಎಂದು 4 ಕಿಲೋ ಮುರಿದುಕೊಳ್ಳುತ್ತಾನೆ. ಬಂದದ್ದು 2,940. ಆಟೋಗೆ 300 ಕಳೆದರೆ 240 ಉಳಿಯಿತು. ಮಳೆಗಾಲದಲ್ಲಿ ಅದೂ ಅನುಮಾನ. ಹಾಗಾಗಿ ಪೇಪರ್ ಕೊಳ್ಳುವುದು ಮುಖ್ಯವಾಗಿ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಲು. ಇವತ್ತು ರದ್ದಿ ಕೊಟ್ಟ ಮನೆಯವರು ನಾಳೆ ಕೆಟ್ಟ ಫ್ಯಾನನ್ನೂ ಅವರಿಗೇ ಕೊಡುತ್ತಾರೆ.

ಕಸುಬು ಕಾಣುವುದು ಆ ಫ್ಯಾನಿನಲ್ಲಿ. ನಾಲ್ಕು ಕಿಲೋ ತೂಗುವ ಸೀಲಿಂಗ್ ಫ್ಯಾನನ್ನು ಕಬ್ಬಿಣದ ರೇಟಿಗೆ, 100 ರೂಪಾಯಿಗೆ ಕೊಂಡರೆನ್ನಿ. ಮೊದಲು ಮ್ಯಾಗ್ನೆಟ್ ಹಿಡಿಯುತ್ತಾರೆ. ರಾಡಿಗೆ ಅಂಟಿತು, ಕಬ್ಬಿಣ. ರೆಕ್ಕೆಗೆ ಅಂಟಲಿಲ್ಲ, ಅಲ್ಯೂಮಿನಿಯಂ. ಮೋಟರ್ ಬಿಚ್ಚಿದರೆ ವೈಂಡಿಂಗ್ ಕೆಂಪಗೆ ಹೊಳೆಯುತ್ತದೆ. ಆ ಬಣ್ಣವನ್ನು ನಂಬುವಂತಿಲ್ಲ. ತಂತಿಯ ಮೇಲಿನ ವಾರ್ನಿಷ್ ಅಲ್ಯೂಮಿನಿಯಮ್ಮನ್ನೂ ತಾಮ್ರದಂತೆ ತೋರಿಸುತ್ತದೆ. ಬ್ಲೇಡಿನಿಂದ ಕೆರೆದಾಗ ಕೆಂಪೇ ಉಳಿದರೆ ತಾಮ್ರ, ಬೆಳ್ಳಗಾದರೆ ಅಲ್ಯೂಮಿನಿಯಂ.

ಆ ಒಂದು ಕೆರೆತದ ಮೇಲೆ ಲಾಭ ನಿಂತಿದೆ. ತಾಮ್ರ ಕಿಲೋಗೆ 600 ಎಂದಾದರೆ ಕಾಲು ಕಿಲೋ ತಂತಿಗೆ 150. ಒಂದು ಕಿಲೋ ಅಲ್ಯೂಮಿನಿಯಂಗೆ 120, ಎರಡೂವರೆ ಕಿಲೋ ಕಬ್ಬಿಣಕ್ಕೆ 70. ಒಟ್ಟು 340. ವೈಂಡಿಂಗ್ ಅಲ್ಯೂಮಿನಿಯಂ ಆಗಿದ್ದರೆ 150 ಬರುವ ಕಡೆ 20 ರೂಪಾಯಿಯೂ ಹುಟ್ಟುವುದಿಲ್ಲ. ಬಿಚ್ಚುವ ಹುಡುಗನ ಕೂಲಿ ಮಾತ್ರ ಎರಡಕ್ಕೂ ಒಂದೇ.

ಹಳೇ ದಪ್ಪ ಟಿವಿ ತಂದರೆ ಮಾತ್ರ ಅಂಗಡಿಯವರ ಮುಖ ಸಣ್ಣಗಾಗುತ್ತದೆ. ಹಿಂಬದಿಯ ಸುರುಳಿಯಲ್ಲಿ ಸ್ವಲ್ಪ ತಾಮ್ರ ಸಿಗಬಹುದು. ಆದರೆ ತೂಕದ ದೊಡ್ಡ ಪಾಲು ಸೀಸ ಬೆರೆತ ಗಾಜು, ಅದನ್ನು ಕೇಳುವವರಿಲ್ಲ. ಕಾಯಿದೆಯ ಪ್ರಕಾರ ಇಂಥವು ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು, ಒಂದೆರಡು ಟಿವಿಗಾಗಿ ಅಲ್ಲಿಗೆ ಗಾಡಿ ಕಟ್ಟಿಸಿದರೆ ಕೈಯಿಂದಲೇ ಹೋಗುತ್ತದೆ. ಪ್ಲಾಸ್ಟಿಕ್ ಸುಲಿಯುವ ಶ್ರಮ ತಪ್ಪಿಸಲು ವೈರನ್ನು ಸುಡುವವರೂ ಇದ್ದಾರೆ. ಹೊಗೆ ವಿಷದ್ದು, ಸುಟ್ಟ ತಾಮ್ರ ಕಪ್ಪಾಗಿ ರೇಟೂ ಇಳಿಯುತ್ತದೆ. ಬಲ್ಲವರು ಬಿಡುವಿನ ಮಧ್ಯಾಹ್ನ ಚಾಕು ಹಿಡಿದು ಕೂತು, ಒಂದೊಂದೇ ವೈರನ್ನು ಉದ್ದಕ್ಕೆ ಸೀಳುತ್ತಾರೆ.