ಅಜ್ಜನ ಫೋನು: ಫಾಂಟ್ ದೊಡ್ಡದು ಮಾಡಿದ್ರ ಸಾಕೇನು?

ಕಣ್ಣು ಸರಿಯಾಗಿ ಕಾಣದ ಹಿರಿಯರಿಗೆ ಫೋನ್ ಕೊಡಿಸೋ ಮಾತು ಬಂದ್ರೆ ನಾವೆಲ್ಲ ಹೇಳೋದು ಒಂದೇ: “ದೊಡ್ಡ ಸ್ಕ್ರೀನಿನ ಸ್ಮಾರ್ಟ್‌ಫೋನ್ ತಗೊಳ್ರಿ, ಫಾಂಟ್ ದೊಡ್ಡದು ಮಾಡಿ ಕೊಟ್ರಾತು.” ಇದು ಕೆಲವರ ಕಣ್ಣಿಗೆ ಹೊಂದ್ತದೆ, ಕೆಲವರಿಗೆ ಉಲ್ಟಾ ತೊಂದರೆ ಕೊಡ್ತದೆ. ಯಾಕಂದ್ರೆ ಕಣ್ಣು ಕಾಣದೇ ಇರೋದರಲ್ಲೂ ಬೇರೆ ಬೇರೆ ರೀತಿ ಇದಾವೆ.

ಪೊರೆ ಬಂದ ಕಣ್ಣಿಗೆ ಎಲ್ಲಾ ಮಂಜು ಮಂಜು. ಬಿಳಿ ಸ್ಕ್ರೀನ್ ಕಣ್ಣಿಗೆ ಚುಚ್ಚತದೆ. ಇಂಥವರಿಗೆ ಅಕ್ಷರ ದೊಡ್ಡದು ಮಾಡಿ, ಹಿನ್ನೆಲೆ ಕಪ್ಪು ಮಾಡಿದ್ರೆ ನಿಜವಾಗಿ ಅನುಕೂಲ. (ಆಪರೇಷನ್ ಆಗೋದಿದ್ರೆ ಅದು ಮುಗಿದ ಮೇಲೇ ಫೋನ್ ಆರಿಸ್ರಿ. ಆಗಿನ ಕಣ್ಣೇ ಬೇರೆ ಇರ್ತದೆ.) ಗ್ಲಾಕೋಮಾ ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ ಮೊದಲು ಹೋಗೋದು ಪಕ್ಕದ ನೋಟ, ನಡುವಿಂದು ಬಹಳ ದಿನ ಉಳೀತದೆ. ರೋಗ ಮುಂದುವರಿದ್ರೆ ಪೈಪಿನೊಳಗಿಂದ ನೋಡಿದ ಹಾಗೆ. ಆ ಪೈಪಿನಲ್ಲಿ ಸಣ್ಣ ಅಕ್ಷರದ ಪೂರ್ತಿ ನಂಬರ್ ಹಿಡಿಸಬಹುದು. ಅದನ್ನೇ ದೊಡ್ಡದು ಮಾಡಿದ್ರೆ ಮೂರೇ ಅಂಕಿ ಕಾಣ್ತಾವೆ, ಉಳಿದದ್ದು ಹೊರಗೆ.

ಇದನ್ನ ಮನೆಯಲ್ಲೇ ನೋಡಬಹುದು. ಒಂದು ಹಾಳೆ ಮೇಲೆ ಹತ್ತು ಅಂಕಿಯ ಎರಡು ನಂಬರ್ ಬರೀರಿ, ಒಂದು ಸಣ್ಣದಾಗಿ, ಇನ್ನೊಂದು ಹಾಳೆಯ ಅಗಲಕ್ಕೆ. ದೊಡ್ಡದನ್ನ ಆರಾಮಾಗಿ ಓದಿದ್ರೆ ದೊಡ್ಡ ಸ್ಕ್ರೀನ್ ಉಪಯೋಗಕ್ಕೆ ಬರ್ತದೆ. ದೊಡ್ಡದರಲ್ಲಿ ನಡುವೆ ಅಂಕಿ ಬಿಟ್ಟು, ಎಲ್ಲಿದ್ದೀನಿ ಅಂತ ಹುಡುಕ್ತಾ ಇದ್ರೆ ಬರೋದಿಲ್ಲ. ಇದು ಡಾಕ್ಟರ್ ಟೆಸ್ಟ್ ಅಲ್ಲ, ಫೋನ್ ಆರಿಸೋಕೆ ಅಷ್ಟೇ.

ಗುಡಗೇರಿಯಲ್ಲಿರೋ ನಮ್ಮ ಅಜ್ಜಗ 76 ವರ್ಷ, ಎರಡೂ ಕಣ್ಣಿಗೆ ಗ್ಲಾಕೋಮಾ. ಅವರಿಗೆ ಬೇಕಾದದ್ದು ಬಂದ ಫೋನ್ ಎತ್ತೋದು, ನಾಲ್ಕು ಮಂದಿಗೆ ಫೋನ್ ಮಾಡೋದು, ರಾತ್ರಿ ಒಂದು ಟಾರ್ಚ್. ಮೊದಲು ಕಾಕಾನ ಹಳೇ ಸ್ಮಾರ್ಟ್‌ಫೋನ್ ಎರಡು ವಾರ ಕೊಟ್ಟು ನೋಡಿದ್ವಿ. ಫೋನ್ ಎತ್ತೋದೇ ದೊಡ್ಡ ಕೆಲಸ ಆಯ್ತು. ಸ್ಕ್ರೀನ್ ಲಾಕ್ ಇದ್ದಾಗ ಕಾಲ್ ಬಂದ್ರೆ ಕೆಳಗಿನ ಗುಂಡಿಯನ್ನ ಮೇಲಕ್ಕೆ ಎಳೀಬೇಕು. ಸ್ಕ್ರೀನ್ ಆನ್ ಇದ್ದಾಗ ಬಂದ್ರೆ ಮೇಲ್ಗಡೆ ಒಂದು ಸಣ್ಣ ಪಟ್ಟಿ ಬರ್ತದೆ, ಅದರಲ್ಲಿ ಒತ್ತಬೇಕು. “ಏ ತಮ್ಮಾ, ನಿನ್ನೆ ಕೆಳಗಿತ್ತಲ್ಲೋ, ಇವತ್ತ ಮ್ಯಾಲೆ ಹ್ಯಾಂಗ ಹೋತು?” ಅಂದ್ರು. ಪ್ರಶ್ನೆ ಸರಿಯಾದದ್ದೇ. ಇನ್ನೊಂದು ಕಾರಣ ಅವರ ಬೆರಳು. ಟಚ್‌ಸ್ಕ್ರೀನ್ ಕೆಲಸ ಮಾಡೋದು ಒತ್ತಡದಿಂದ ಅಲ್ಲ, ಬೆರಳು ಮುಟ್ಟಿದಾಗ ಬದಲಾಗೋ ಕೆಪಾಸಿಟನ್ಸ್‌ನಿಂದ. ಹೊಲದ ಕೆಲಸದಿಂದ ಒಣಗಿ ದಪ್ಪಾದ ಚರ್ಮ ಇದ್ರೆ ಆ ಬದಲಾವಣೆ ಕಡಿಮೆ, ಸ್ಕ್ರೀನಿಗೆ ಒಮ್ಮೊಮ್ಮೆ ಗೊತ್ತೇ ಆಗೋದಿಲ್ಲ. ಅಜ್ಜ ಜೋರಾಗಿ ಒತ್ತಿದಷ್ಟೂ ಅದು ಲಾಂಗ್ ಪ್ರೆಸ್ ಆಗ್ತಿತ್ತು.

ಕೀಪ್ಯಾಡ್‌ನಲ್ಲಿ ಗುಂಡಿ ಜಾಗ ಬಿಟ್ಟು ಹೋಗೋದಿಲ್ಲ. 5ರ ಮೇಲೆ ಒಂದು ಸಣ್ಣ ಉಬ್ಬು ಇರ್ತದೆ, ನಮ್ಮಲ್ಲಿ ಎಷ್ಟು ಮಂದಿ ಅದನ್ನ ಗಮನಿಸಿದ್ದೀವೋ ಗೊತ್ತಿಲ್ಲ. ಹೆಬ್ಬೆರಳು ಅಲ್ಲಿ ಇಟ್ರೆ ಮೇಲೆ 2, ಕೆಳಗೆ 8, ಎಡಕ್ಕೆ 4, ಬಲಕ್ಕೆ 6. ಈ ನಾಲ್ಕಕ್ಕೆ ಸ್ಪೀಡ್ ಡಯಲ್ ಹಾಕಿದ್ವಿ: ಮೇಲೆ ಅಪ್ಪ, ಎಡಕ್ಕೆ ಅತ್ತಿ, ಬಲಕ್ಕೆ ಕಾಕಾ, ಕೆಳಗೆ ಪಕ್ಕದ ಮನೆಯವರು. ಗುಂಡಿಯನ್ನ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಕಾಲ್ ಹೋಗ್ತದೆ. ಮೂರನೇ ದಿನಕ್ಕೆ ಅಜ್ಜ ಕತ್ತಲಲ್ಲೇ ಅತ್ತಿಗೆ ಫೋನ್ ಹಚ್ಚಿದ್ರು.

ಆದ್ರೆ ಎಲ್ಲಾ ಕೀಪ್ಯಾಡ್ ಒಂದೇ ಅಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲಿ ನಾವು ಕಣ್ಣು ಮುಚ್ಚಿ ಒತ್ತಿ ನೋಡಿದ್ವಿ. ಕೆಲವಕ್ಕೆ ಗುಂಡಿಗಳ ನಡುವೆ ಸಂದೇ ಇಲ್ಲ, ಉಬ್ಬು ಬರೀ ಹೆಸರಿಗೆ. ಸಿಮ್ ಕೂಡ ನೋಡ್ಕೋಬೇಕು. ಜಿಯೋಗೆ 2ಜಿ ಇಲ್ಲ, ಹಾಗಾಗಿ ಆ ಸಿಮ್ ಇದ್ರೆ 4ಜಿ ಕೀಪ್ಯಾಡ್ ಫೋನೇ ಬೇಕು. ಅಗ್ಗದ 2ಜಿ ಸೆಟ್‌ನಲ್ಲಿ ನೆಟ್‌ವರ್ಕೇ ಬರೋದಿಲ್ಲ. ಇನ್ನು ಮೈಕ್ರೋ ಯುಎಸ್‌ಬಿ ಚಾರ್ಜರ್ ಒಂದೇ ಕಡೆ ಹೋಗ್ತದೆ. ಅಜ್ಜಗ ತಿಳೀಲಿ ಅಂತ ಪಿನ್ನಿನ ಮೇಲ್ಭಾಗಕ್ಕೆ ದಾರ ಸುತ್ತಿ ಕೊಟ್ವಿ. ಟೈಪ್ ಸಿ ಆದ್ರೆ ಈ ತಾಪತ್ರಯ ಇರೋದಿಲ್ಲ.

ಸ್ಮಾರ್ಟ್‌ಫೋನ್ ಬೇಡವೇ ಬೇಡ ಅಂತ ನಾವು ಹೇಳೋದಿಲ್ಲ. Settings > Accessibility ಒಳಗಿನ TalkBack ಮುಟ್ಟಿದ್ದನ್ನ ಕನ್ನಡದಲ್ಲೂ ಓದಿ ಹೇಳ್ತದೆ. ಎರಡು ಬೆರಳಿಂದ ಎರಡು ಸಲ ತಟ್ಟಿದ್ರೆ ಸಾಕು, ಸ್ಕ್ರೀನಿನ ಯಾವ ಜಾಗದಲ್ಲಾದ್ರೂ ಕಾಲ್ ಎತ್ತಬಹುದು. ಕಣ್ಣು ಚೆನ್ನಾಗಿದ್ದಾಗಲೇ ಟಚ್ ರೂಢಿ ಆದವರಿಗೆ, ಕಿವಿ ಚುರುಕಿದ್ದವರಿಗೆ ಇದು ಒಳ್ಳೇ ದಾರಿ. ನಮ್ಮ ಅಜ್ಜಗ ಆ ತಟ್ಟೋ ಲಯ ಕೂಡಿ ಬರಲಿಲ್ಲ.

ಕೀಪ್ಯಾಡ್‌ನಿಂದ ಕಳ್ಕೊಂಡದ್ದೂ ಇದೆ. ಯಾರ ಫೋನ್ ಅಂತ ಅದು ಹೇಳೋದಿಲ್ಲ. ಎಲ್ಲರಿಗೂ ಒಂದೇ ರಿಂಗ್, ಎಲ್ಲರಿಗೂ ಒಂದೇ “ಯಾರ್ರೀ?” ಮೆಸೇಜಂತೂ ಓದೋಕೇ ಆಗೋದಿಲ್ಲ. ಬ್ಯಾಂಕಿನ ಓಟಿಪಿಯನ್ನ ಕಂಡವರ ಕೈಲಿ ಓದಿಸೋದು ಬೇಡ ಅಂತ, ಅಂಥ ಕೆಲಸ ಎಲ್ಲಾ ಈಗ ಅಪ್ಪ ಊರಿಗೆ ಹೋದಾಗ ಪಕ್ಕದಲ್ಲೇ ಕೂತು ಮಾಡಿಸ್ತಾರೆ.