ಮೂತಿಯ ತೂಗಾಟ ಮತ್ತು ಪಿಚ್ ಡ್ಯಾಂಪರ್

ನೇರವಾಗಿ ಹಾರುತ್ತಿರುವ ವಿಮಾನದ ಮೂತಿಯನ್ನು ಗಾಳಿಯ ಹೊಡೆತವೊಂದು ತುಸು ಮೇಲಕ್ಕೆತ್ತಿತು ಎಂದುಕೊಳ್ಳಿ. ಪೈಲಟ್ ಏನೂ ಮಾಡದೆ ಕೂತರೂ ಮೂತಿ ತಾನಾಗಿ ಕೆಳಗಿಳಿಯುತ್ತದೆ. ಆದರೆ ಇರಬೇಕಾದ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಅದನ್ನು ದಾಟಿ ಕೆಳಗೆ ಹೋಗಿ, ಮತ್ತೆ ಮೇಲೆದ್ದು, ಹೀಗೆ ಒಂದೆರಡು ಸಲ ತೂಗಿದ ಮೇಲಷ್ಟೇ ಸುಮ್ಮನಾಗುತ್ತದೆ. ಇಡೀ ತೂಗಾಟ ಕೆಲವೇ ಸೆಕೆಂಡುಗಳದ್ದು. ಅಷ್ಟರಲ್ಲಿ ವಿಮಾನದ ವೇಗ ಬದಲಾಗಲು ಸಮಯವೇ ಇರುವುದಿಲ್ಲ. ವೈಮಾನಿಕ ಎಂಜಿನಿಯರುಗಳು ಇದನ್ನು ಶಾರ್ಟ್ ಪೀರಿಯಡ್ ಚಲನೆ ಎನ್ನುತ್ತಾರೆ. ಎತ್ತರ ಮತ್ತು ವೇಗ ಒಂದಕ್ಕೊಂದು ಕೊಟ್ಟು ತೆಗೆದುಕೊಳ್ಳುತ್ತಾ ನಿಧಾನವಾಗಿ ಸಾಗುವ ಇನ್ನೊಂದು ತೂಗಾಟವೂ ಇದೆ, ಅದರ ಹೆಸರು ಫ್ಯೂಗಾಯ್ಡ್. ಅದು ಎಷ್ಟು ನಿಧಾನವೆಂದರೆ ಪೈಲಟ್ ಯೋಚಿಸದೆಯೇ ಸರಿಪಡಿಸಿಬಿಡುತ್ತಾನೆ. ಶಾರ್ಟ್ ಪೀರಿಯಡ್ ಹಾಗಲ್ಲ. ಅದರ ಲಯ ಮನುಷ್ಯನ ಕೈ ಪ್ರತಿಕ್ರಿಯಿಸುವ ಲಯಕ್ಕೆ ತೀರಾ ಹತ್ತಿರ. ಹಾಗಾಗಿ ತೂಗಾಟವನ್ನು ತಡೆಯಲು ಹೋದ ಕೈ ಒಂದು ಕ್ಷಣ ತಡವಾದರೆ ಅದನ್ನು ಹೆಚ್ಚಿಸಿಯೇ ಬಿಡಬಹುದು.

ಈ ತೂಗಾಟದ ಗುಣವನ್ನೆಲ್ಲ ಒಂದು ಭಿನ್ನರಾಶಿಯಲ್ಲಿ ಹಿಡಿದಿಡಬಹುದು. ವಿಶ್ವವಿದ್ಯಾಲಯಗಳ ನಿಯಂತ್ರಣ ಶಾಸ್ತ್ರದ ತರಗತಿಗಳಲ್ಲಿ ಬಳಸುವ, ಬೋಯಿಂಗ್ ಪ್ರಯಾಣಿಕ ಜೆಟ್ ಒಂದರ ಲೆಕ್ಕ ಹೀಗಿದೆ:

q/δ = (1.151 s + 0.1774) / (s² + 0.739 s + 0.921)

ಇದೇ ಟ್ರಾನ್ಸ್‌ಫರ್ ಫಂಕ್ಷನ್. ಇಲ್ಲಿ δ ಎಂದರೆ ಬಾಲದ ಅಡ್ಡರೆಕ್ಕೆಯ ಹಿಂಬದಿಯಲ್ಲಿರುವ ಎಲಿವೇಟರ್ ಎಂಬ ಪಟ್ಟಿ ಎಷ್ಟು ಡಿಗ್ರಿ ತಿರುಗಿತು ಎಂಬುದು. q ಎಂದರೆ ಮೂತಿ ಸೆಕೆಂಡಿಗೆ ಎಷ್ಟು ಡಿಗ್ರಿ ಏಳುತ್ತಿದೆ ಎಂಬುದು. s ಅನ್ನು ‘ಬದಲಾವಣೆಯ ದರ’ ಎಂದು ಓದಿಕೊಂಡರೆ ಸಾಕು. ಎಲಿವೇಟರ್ ಹೀಗೆ ತಿರುಗಿದರೆ ಮೂತಿ ಹೇಗೆ ಚಲಿಸುತ್ತದೆ ಎಂಬ ಪ್ರಶ್ನೆಗೆ ಈ ಭಿನ್ನರಾಶಿ ಉತ್ತರ. ನಮಗೆ ಮುಖ್ಯವಾದುದು ಛೇದ, ಅಂದರೆ ಗೆರೆಯ ಕೆಳಗಿನ ಭಾಗ. ಪೈಲಟ್ ಎಲಿವೇಟರನ್ನು ಹೇಗೇ ಆಡಿಸಲಿ, ವಿಮಾನ ತನ್ನಷ್ಟಕ್ಕೆ ತೂಗುವ ರೀತಿ ಛೇದದಲ್ಲೇ ನಿರ್ಧಾರವಾಗಿರುತ್ತದೆ.

ಬೈಕಿನ ಶಾಕ್ ಅಬ್ಸಾರ್ಬರ್ ಒಳಗೆ ಒಂದು ಸ್ಪ್ರಿಂಗ್, ಒಂದಿಷ್ಟು ಎಣ್ಣೆ ಇರುತ್ತದಲ್ಲ, ಛೇದದ ಎರಡು ಸಂಖ್ಯೆಗಳೂ ಅದೇ ಜೋಡಿ. ಕೊನೆಯ 0.921 ಸ್ಪ್ರಿಂಗಿನ ಬಿಗಿತ. ಇದರಲ್ಲಿ 0.788ರಷ್ಟು ಭಾಗ ಬರುವುದು ಮೂತಿ ಗಾಳಿಗೆ ಓರೆಯಾದಾಗ ಅದನ್ನು ಹಿಂದಕ್ಕೆ ತರುವ ಬಾಲದ ಸ್ವಭಾವದಿಂದ. ಮಧ್ಯದ 0.739 ಎಣ್ಣೆಯ ಕೆಲಸ, ಅಂದರೆ ಡ್ಯಾಂಪಿಂಗ್. ಇದು ಎರಡು ಮೂಲಗಳಿಂದ ಕೂಡಿ ಬಂದಿದೆ. 0.313 ರೆಕ್ಕೆಯ ಕೊಡುಗೆ: ಮೂತಿ ಎದ್ದಾಗ ಲಿಫ್ಟ್ ಹೆಚ್ಚಿ ವಿಮಾನವೇ ಮೇಲೇರುತ್ತದೆ, ಆಗ ಗಾಳಿಗೆ ಓರೆಯಾದ ಕೋನ ಕರಗುತ್ತದೆ. ಉಳಿದ 0.426 ಬಹುಮಟ್ಟಿಗೆ ಬಾಲದ್ದು. ಮೂತಿ ಏಳುವಾಗ ಬಾಲ ಕೆಳಗಿಳಿಯಬೇಕು. ಇಳಿಯುವ ಬಾಲಕ್ಕೆ ಗಾಳಿ ಕೆಳಗಿನಿಂದ ಬಡಿದು ಆ ಚಲನೆಯನ್ನೇ ಎದುರಿಸುತ್ತದೆ.

ಬಾಲದ ಈ ಎದುರಾಟ ಎಷ್ಟರ ಮಟ್ಟಿನದು ನೋಡೋಣ. ವಿಮಾನದ ತೂಕದ ಕೇಂದ್ರದಿಂದ 25 ಮೀಟರ್ ಹಿಂದೆ ಬಾಲವಿದೆ, ಮೂತಿ ಸೆಕೆಂಡಿಗೆ 2 ಡಿಗ್ರಿಯಂತೆ ಏಳುತ್ತಿದೆ ಎನ್ನಿ. ಬಾಲ ಸೆಕೆಂಡಿಗೆ ಸುಮಾರು 0.87 ಮೀಟರ್ ವೇಗದಲ್ಲಿ ಇಳಿಯುತ್ತದೆ. ವಿಮಾನದ ವೇಗ ಸೆಕೆಂಡಿಗೆ 250 ಮೀಟರ್ ಇದ್ದರೆ ಬಾಲಕ್ಕೆ ಗಾಳಿ ಬಡಿಯುವ ಕೋನ ಬದಲಾಗುವುದು ಬರೀ 0.2 ಡಿಗ್ರಿ. ಪ್ರಕೃತಿ ಪುಕ್ಕಟೆಯಾಗಿ ಕೊಡುವ ಡ್ಯಾಂಪಿಂಗ್ ಇಷ್ಟು ಸಣ್ಣದು.

ಎತ್ತರಕ್ಕೆ ಹೋದಂತೆ ಅದೂ ತೆಳುವಾಗುತ್ತದೆ. ಡ್ಯಾಂಪಿಂಗ್ ಅನುಪಾತ ಎಂಬ ಅಳತೆ ಸ್ಪ್ರಿಂಗಿಗೆ ಹೋಲಿಸಿದರೆ ಎಣ್ಣೆ ಎಷ್ಟಿದೆ ಎಂಬುದನ್ನು ಹೇಳುತ್ತದೆ. ಸೊನ್ನೆ ಇದ್ದರೆ ತೂಗಾಟ ನಿಲ್ಲುವುದೇ ಇಲ್ಲ. ಒಂದು ಇದ್ದರೆ ತೂಗಾಟವೇ ಇಲ್ಲ. ಈ ಅನುಪಾತ ಸುಮಾರಾಗಿ ಗಾಳಿಯ ಸಾಂದ್ರತೆಯ ವರ್ಗಮೂಲದಂತೆ ಇಳಿಯುತ್ತದೆ. 12 ಕಿಲೋಮೀಟರ್ ಎತ್ತರದಲ್ಲಿ ಸಾಂದ್ರತೆ ಸಮುದ್ರಮಟ್ಟದ ಕಾಲು ಭಾಗ. ಅಂದರೆ ಅದೇ ವಿಮಾನದ ಡ್ಯಾಂಪಿಂಗ್ ಅನುಪಾತ ಅಲ್ಲಿ ಹೆಚ್ಚುಕಡಿಮೆ ಅರ್ಧ. ವೇಗ ಹೆಚ್ಚಿಸಿ ಇದನ್ನು ಸರಿದೂಗಿಸಲೂ ಆಗದು, ಏಕೆಂದರೆ ವೇಗದೊಂದಿಗೆ ಸ್ಪ್ರಿಂಗೂ ಬಿಗಿಯಾಗುತ್ತದೆ. ಜೆಟ್ ಎಂಜಿನ್ನುಗಳು ವಿಮಾನಗಳನ್ನು ತೆಳುಗಾಳಿಗೆ ಕೊಂಡೊಯ್ದಾಗ ಕೃತಕ ಡ್ಯಾಂಪರ್ ಬೇಕಾದದ್ದು ಇದಕ್ಕಾಗಿಯೇ.

ನಮ್ಮ ಬೋಯಿಂಗಿನ ಲೆಕ್ಕದಲ್ಲಿ ಈ ಅನುಪಾತ 0.385. ಅಮೆರಿಕದ ಮಿಲಿಟರಿ ವಿಮಾನಗಳ ಮಾನದಂಡ MIL-F-8785C ಲ್ಯಾಂಡಿಂಗ್‌ನಂಥ ನಿಖರ ಕೆಲಸಗಳಿಗೆ ಉತ್ತಮ ದರ್ಜೆ ಎನ್ನಲು ಕೇಳುವುದು ಕನಿಷ್ಠ 0.35. ಪಾಸಾಗಿದೆ, ಆದರೆ ಅಂಚಿನಲ್ಲಿ. ಒಂದು ಪೂರ್ತಿ ತೂಗಾಟಕ್ಕೆ 7 ಸೆಕೆಂಡು ಬೇಕು. ಮೇಲೆ ಹೋದ ಮೂತಿ ಮರಳುವಾಗ ಮೊದಲ ಏರಿಕೆಯ ಶೇಕಡಾ 27ರಷ್ಟು ಆಚೆಗೆ ದಾಟುತ್ತದೆ. ಇದನ್ನು ಆಕಾಶದಲ್ಲಿ ಅಳೆಯುವ ವಿಧಾನ ಸರಳ, ನನಗೆ ತುಂಬ ಇಷ್ಟವಾದದ್ದೂ ಹೌದು. ಪರೀಕ್ಷಾ ಪೈಲಟ್ ಸ್ಟಿಕ್ಕನ್ನು ಸರಕ್ಕನೆ ಮುಂದಕ್ಕೆ ತಳ್ಳಿ, ಹಿಂದಕ್ಕೆಳೆದು, ಮಧ್ಯಕ್ಕೆ ತಂದು ಬಿಡುತ್ತಾನೆ. ಆಮೇಲೆ ಕಣ್ಣಿಗೆ ಕಾಣುವಷ್ಟು ದೊಡ್ಡ ಶಿಖರಗಳು ಎಷ್ಟು ಎಂದು ಎಣಿಸುತ್ತಾನೆ. 7ರಿಂದ ಆ ಎಣಿಕೆಯನ್ನು ಕಳೆದು 10ರಿಂದ ಭಾಗಿಸಿದರೆ ಡ್ಯಾಂಪಿಂಗ್ ಅನುಪಾತದ ಒಂದು ಒಳ್ಳೆಯ ಅಂದಾಜು ಸಿಗುತ್ತದೆ. ಮೂರು ಶಿಖರ ಕಂಡರೆ 0.4.

ಇನ್ನು ಪಿಚ್ ಡ್ಯಾಂಪರ್. ಅದರ ಅಂಗಗಳು ಮೂರೇ: ಮೂತಿ ಏಳುವ ದರವನ್ನು ಅಳೆಯುವ ಒಂದು ಗೈರೊ, ಆ ಅಳತೆಯನ್ನು ಒಂದು ಸಂಖ್ಯೆಯಿಂದ ಗುಣಿಸುವ ಮಂಡಲ, ಬಂದ ಉತ್ತರದಷ್ಟು ಎಲಿವೇಟರನ್ನು ವಿರುದ್ಧ ದಿಕ್ಕಿಗೆ ತಿರುಗಿಸುವ ಸರ್ವೊ. ಗುಣಿಸುವ ಸಂಖ್ಯೆಗೆ ಗೇನ್ ಎಂದು ಹೆಸರು. ಅದನ್ನು K ಎನ್ನೋಣ. ಡ್ಯಾಂಪರ್ ಜೋಡಿಸಿದ ಮೇಲೆ ಛೇದ ಹೀಗಾಗುತ್ತದೆ:

s² + (0.739 + 1.151 K) s + (0.921 + 0.1774 K)

K ಎಲ್ಲಿ ಹೋಗಿ ಸೇರಿತು ಗಮನಿಸಿ. ಮಧ್ಯದ ಪದಕ್ಕೆ ದೊಡ್ಡ ಪಾಲು, ಕೊನೆಯದಕ್ಕೆ ಚಿಕ್ಕದು. K = 0.6 ಇಟ್ಟರೆ ಮಧ್ಯದ ಪದ 0.739ರಿಂದ 1.430ಕ್ಕೆ ಏರುತ್ತದೆ, ಹೆಚ್ಚುಕಡಿಮೆ ಎರಡು ಪಟ್ಟು. ಕೊನೆಯದು 0.921ರಿಂದ 1.027ಕ್ಕೆ ಮಾತ್ರ. ಅಂದರೆ ಸ್ಪ್ರಿಂಗನ್ನು ಮುಟ್ಟಿಯೂ ಮುಟ್ಟದಂತೆ ಎಣ್ಣೆಯನ್ನಷ್ಟೇ ಸುರಿದಿದ್ದೇವೆ. ಡ್ಯಾಂಪಿಂಗ್ ಅನುಪಾತ 0.71 ಆಗುತ್ತದೆ. ಶೇಕಡಾ 27 ಇದ್ದ ದಾಟುವಿಕೆ ಸುಮಾರು 4ಕ್ಕೆ ಇಳಿಯುತ್ತದೆ. ಮೂತಿ ಸೆಕೆಂಡಿಗೆ 2 ಡಿಗ್ರಿ ಏಳುವಾಗ ಬಾಲಕ್ಕೆ ಸಹಜವಾಗಿ ಸಿಗುತ್ತಿದ್ದ ಕೋನ 0.2 ಡಿಗ್ರಿ, ಈಗ ಅದರ ಜೊತೆಗೆ ಎಲಿವೇಟರೂ 1.2 ಡಿಗ್ರಿ ತಿರುಗಿ ತಡೆಯುತ್ತದೆ.

ಡ್ಯಾಂಪರ್ ಏನು ಮಾಡಲಾರದು ಎಂಬುದೂ ಇದೇ ಛೇದದಲ್ಲಿದೆ. ಸ್ಪ್ರಿಂಗೇ ಇಲ್ಲದ, ಮೂತಿ ಓರೆಯಾದರೆ ಇನ್ನಷ್ಟು ಓರೆಯಾಗುತ್ತಲೇ ಹೋಗುವ ವಿಮಾನಕ್ಕೆ ಎಣ್ಣೆ ಸುರಿದು ಪ್ರಯೋಜನ ಕಡಿಮೆ. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ, ಇಂದು ತೇಜಸ್ ಎನಿಸಿಕೊಂಡಿರುವ ಯುದ್ಧವಿಮಾನವನ್ನು ಚುರುಕಾಗಿ ತಿರುಗಲೆಂದು ಬೇಕೆಂದೇ ಪಿಚ್‌ನಲ್ಲಿ ಅಸ್ಥಿರವಾಗಿ ರೂಪಿಸಲಾಗಿದೆ. ಅಂಥ ವಿಮಾನದಲ್ಲಿ ಬಿಗಿತವನ್ನೂ ಕಂಪ್ಯೂಟರೇ ಹುಟ್ಟಿಸಬೇಕು; ಅದು ಡ್ಯಾಂಪರಿಗಿಂತ ದೊಡ್ಡ ವ್ಯವಸ್ಥೆಯ ಕೆಲಸ.

ಸ್ಥಿರ ವಿಮಾನದಲ್ಲೂ ಒಂದು ತೊಡಕು ತಕ್ಷಣ ಎದುರಾಗುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿ ತಿರುವು ತೆಗೆದುಕೊಳ್ಳುವಾಗ ಮೂತಿ ತಿರುವಿನ ಉದ್ದಕ್ಕೂ ‘ಏಳುತ್ತಲೇ’ ಇರುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ 60 ಡಿಗ್ರಿ ವಾಲಿದ ವಿಮಾನದ ಪಿಚ್ ದರ ಸೆಕೆಂಡಿಗೆ ಸುಮಾರು 3.4 ಡಿಗ್ರಿ. ಇದು ತೂಗಾಟವಲ್ಲ, ಪೈಲಟ್ ಬಯಸಿದ ಚಲನೆ. ಗೈರೊಗೆ ಈ ವ್ಯತ್ಯಾಸ ಗೊತ್ತಿಲ್ಲ. K = 0.6 ಇದ್ದರೆ ಅದು ತಿರುವು ಮುಗಿಯುವವರೆಗೂ ಎಲಿವೇಟರನ್ನು 2 ಡಿಗ್ರಿ ಉಲ್ಟಾ ಹಿಡಿದಿರುತ್ತದೆ, ಪೈಲಟ್ ಅಷ್ಟನ್ನು ಹೆಚ್ಚಾಗಿ ಎಳೆಯುತ್ತಲೇ ಇರಬೇಕಾಗುತ್ತದೆ. ಪರಿಹಾರ ವಾಶ್‌ಔಟ್ ಎಂಬ ಫಿಲ್ಟರ್. ಬೇಗ ಬದಲಾಗುವ ಸಂಕೇತವನ್ನು ಅದು ಹಾಗೆಯೇ ಬಿಡುತ್ತದೆ, ಒಂದೇ ಸಮನೆ ನಿಂತ ಸಂಕೇತವನ್ನು ಕೆಲವು ಸೆಕೆಂಡುಗಳಲ್ಲಿ ಸೊನ್ನೆಗೆ ಇಳಿಸುತ್ತದೆ. ತೂಗಾಟ ಅಡಗುತ್ತದೆ, ತಿರುವು ಉಳಿಯುತ್ತದೆ.

ಹಾಗಾದರೆ K ಅನ್ನು 0.6ಕ್ಕೇ ಏಕೆ ನಿಲ್ಲಿಸಬೇಕು, 6 ಅಥವಾ 10 ಏಕಾಗಬಾರದು? ಮೇಲಿನ ಛೇದ ಬೇಡವೆನ್ನುವುದಿಲ್ಲ. ಆದರೆ ಸರ್ವೊ ಹೇಳಿದ ಕ್ಷಣವೇ ತಿರುಗುತ್ತದೆ ಎಂಬ ಊಹೆ ಅದರಲ್ಲಿ ಅಡಗಿದೆ. ನಿಜವಾದ ಸರ್ವೊಗೆ ಹತ್ತನೇ ಒಂದು ಸೆಕೆಂಡಿನಷ್ಟು ವಿಳಂಬ ಇರಬಹುದು. 7 ಸೆಕೆಂಡಿನ ತೂಗಾಟದ ಮುಂದೆ ಅದು ಲೆಕ್ಕಕ್ಕಿಲ್ಲ. ಗೇನ್ ಹೆಚ್ಚಾದಂತೆ ಡ್ಯಾಂಪರ್ ಹೆಚ್ಚು ಹೆಚ್ಚು ವೇಗದ ಕಂಪನಗಳಿಗೂ ಸ್ಪಂದಿಸತೊಡಗುತ್ತದೆ, ವಿಮಾನದ ಒಡಲು ಬಾಗಿ ಅದುರುವುದನ್ನೂ ಮೂತಿಯ ಚಲನೆ ಎಂದುಕೊಳ್ಳುತ್ತದೆ. ಅಲ್ಲಿ ಆ ವಿಳಂಬವೇ ದೊಡ್ಡದು. ತಡೆಯಬೇಕಾದ ಎಲಿವೇಟರ್ ತಡವಾಗಿ ಬಂದು ತಳ್ಳತೊಡಗುತ್ತದೆ.

ಸರಿಯಾದ K ಒಂದೇ ಅಲ್ಲ ಎಂಬುದು ಇನ್ನೊಂದು ಕಷ್ಟ. ಗಾಳಿಯ ಒತ್ತಡ ನಾಲ್ಕು ಪಟ್ಟಾದರೆ ಎಲಿವೇಟರಿನ ಬಲವೂ ನಾಲ್ಕು ಪಟ್ಟಾಗುತ್ತದೆ, ಆಗ 0.6 ಮಾಡುತ್ತಿದ್ದ ಕೆಲಸಕ್ಕೆ 0.15 ಸಾಕು. ವೇಗ, ಎತ್ತರಗಳನ್ನು ಅಳೆದು ಮೊದಲೇ ಬರೆದಿಟ್ಟ ಕೋಷ್ಟಕದಿಂದ ಗೇನ್ ಆರಿಸಿಕೊಳ್ಳುವುದು ರೂಢಿಯ ದಾರಿ. ಅಮೆರಿಕದ ರಾಕೆಟ್ ವಿಮಾನ X-15ರ ಮೂರನೆಯ ಪ್ರತಿಯಲ್ಲಿ ಬೇರೆ ದಾರಿ ಹಿಡಿದಿದ್ದರು. ಹನಿವೆಲ್ ಕಂಪನಿಯ MH-96 ಎಂಬ ವ್ಯವಸ್ಥೆ ಗೇನನ್ನು ತಾನೇ ಏರಿಸುತ್ತಾ ಹೋಗಿ, ಸಣ್ಣ ನಡುಕ ಕಾಣಿಸಿಕೊಳ್ಳುವ ಅಂಚಿನಲ್ಲಿ ಅದನ್ನು ಹಿಡಿದಿಡುತ್ತಿತ್ತು. ಗಾಳಿಯೇ ಇಲ್ಲದಷ್ಟು ಎತ್ತರದಿಂದ ದಟ್ಟ ಗಾಳಿಗೆ ಇಳಿಯುವ ವಿಮಾನಕ್ಕೆ ಇದು ಜಾಣ ಉಪಾಯವೇ ಆಗಿತ್ತು, ಅದು ಹಲವು ಹಾರಾಟಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು ಕೂಡ.

1967ರ ನವೆಂಬರ್ 15ರಂದು ಮೈಕೆಲ್ ಆಡಮ್ಸ್ ಆ ವಿಮಾನದಲ್ಲಿದ್ದರು. ಅತಿ ಎತ್ತರದಲ್ಲಿ ವಿದ್ಯುತ್ ತೊಂದರೆಯಾಗಿ, ವಿಮಾನದ ದಿಕ್ಕು ತಪ್ಪಿ, ಅದು ಗಿರಗಿರನೆ ತಿರುಗತೊಡಗಿತು. ಆ ಸ್ಪಿನ್‌ನಿಂದ ವಿಮಾನ ಹೊರಬಂತು. ಆದರೆ ಗೇನ್ ತುಂಬ ಎತ್ತರದಲ್ಲೇ ಉಳಿದಿತ್ತು, ಪಿಚ್‌ನಲ್ಲಿ ತೂಗಾಟ ಹುಟ್ಟಿತು. ಸರ್ವೊ ತಿರುಗಬಲ್ಲ ಗರಿಷ್ಠ ವೇಗಕ್ಕೆ ಸಿಕ್ಕಿಕೊಂಡಿದ್ದರಿಂದ ವ್ಯವಸ್ಥೆ ತನ್ನ ಗೇನನ್ನು ಇಳಿಸಿಕೊಳ್ಳಲಿಲ್ಲ. ವಿಮಾನ ದಟ್ಟ ಗಾಳಿಗೆ ಇಳಿದಂತೆ ತೂಗಾಟದ ಹೊಡೆತ ಬಲವಾಗುತ್ತಾ ಹೋಗಿ ವಿಮಾನ ಆಕಾಶದಲ್ಲೇ ಒಡೆಯಿತು, ಆಡಮ್ಸ್ ತೀರಿಕೊಂಡರು.

ಸರ್ವೊ ಹೀಗೆ ಮಿತಿಗೆ ಸಿಕ್ಕಿಕೊಂಡದ್ದನ್ನು ಹಾರಾಟದ ದಾಖಲೆಯಲ್ಲಿ ಗುರುತಿಸಬಹುದು. ಆರೋಗ್ಯವಾಗಿರುವ ಡ್ಯಾಂಪರಿನ ಎಲಿವೇಟರ್ ಗೆರೆ ದುಂಡನೆಯ ಅಲೆಯಾಗಿ ಎದ್ದು ಬೇಗನೆ ಸಾಯುತ್ತದೆ. ಮಿತಿಗೆ ಸಿಕ್ಕಿಕೊಂಡದ್ದರ ಗೆರೆ ಒಂದೇ ಇಳಿಜಾರಿನಲ್ಲಿ ಏರಿ, ಅದೇ ಇಳಿಜಾರಿನಲ್ಲಿ ಇಳಿದು ತ್ರಿಕೋನಗಳ ಸಾಲಾಗುತ್ತದೆ, ಸಾಯುವುದೂ ಇಲ್ಲ. ಪರೀಕ್ಷಾ ಹಾರಾಟದಲ್ಲಿ ನೆಲದ ಮೇಲೆ ಕೂತು ಪರದೆ ನೋಡುವ ಎಂಜಿನಿಯರಿಗೆ ಈ ತ್ರಿಕೋನಗಳು ಕಂಡರೆ, ಗೇನ್ ಇಳಿಸಿ ಎನ್ನಬೇಕು ಅಥವಾ ಡ್ಯಾಂಪರನ್ನೇ ಆರಿಸಿ ಎನ್ನಬೇಕು. ಡ್ಯಾಂಪರ್ ಆರಿದರೂ ಈ ಬೋಯಿಂಗಿನಂಥ ಸ್ಥಿರ ವಿಮಾನದ ಕೈಯಲ್ಲಿ ಅದರ ಸಹಜವಾದ 0.385 ಇದ್ದೇ ಇರುತ್ತದೆ.