ಸ್ಟಾಕಿನಲ್ಲಿ ಮೂರು ಕೋಟಿ ಸ್ಟ್ರಿಪ್

ಹತ್ತಾರು ಔಷಧಿ ಅಂಗಡಿಗಳನ್ನು ನಡೆಸುವ ಒಂದು ಸಂಸ್ಥೆ ಎಂದುಕೊಳ್ಳಿ. ಅದರ ಗೋದಾಮಿನ ಸಾಫ್ಟ್‌ವೇರ್ ಹೊರಗಿನ ಕಂಪನಿಯದು. ದಿನವೂ ರಾತ್ರಿ ಅದು ದಾಸ್ತಾನಿನ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಕಳಿಸುತ್ತದೆ. ಸಂಸ್ಥೆಯ ಕಂಪ್ಯೂಟರ್ ಅದನ್ನು ಓದಿ, ಮುಗಿಯುತ್ತಾ ಬಂದ ಔಷಧಿಗಳಿಗೆ ಬೆಳಗ್ಗೆ ತಾನಾಗಿ ಆರ್ಡರ್ ಹಾಕುತ್ತದೆ. ಒಂದು ರಾತ್ರಿ ಆ ಕಂಪನಿ ಯಾರಿಗೂ ಹೇಳದೆ ಫೈಲಿಗೆ ಒಂದು ಕಾಲಂ ಸೇರಿಸಿತು. ಹಿಂದಿನ ದಿನದ ತಲೆಸಾಲು ಮೊದಲನೆಯದು, ಆ ರಾತ್ರಿಯದು ಎರಡನೆಯದು:

```
item_code,item_name,batch,expiry,qty,mrp
item_code,item_name,batch,expiry,hsn,qty,mrp
```

ಓದುವ ಪ್ರೋಗ್ರಾಂ ಕಾಲಂಗಳ ಹೆಸರನ್ನು ನೋಡುವುದಿಲ್ಲ, ಐದನೆಯದು ಎಂದರೆ ದಾಸ್ತಾನು ಎಂದಷ್ಟೇ ಅದಕ್ಕೆ ಗೊತ್ತು. ಈಗ ಐದನೆಯ ಜಾಗದಲ್ಲಿ ಜಿಎಸ್‌ಟಿಯ ಎಚ್‌ಎಸ್‌ಎನ್ ಸಂಖ್ಯೆ 30049099 ಕೂತಿದೆ. ಹಾಗಾಗಿ 120 ಸ್ಟ್ರಿಪ್ ಇದ್ದ ಮಾತ್ರೆ ಮೂರು ಕೋಟಿ ಸ್ಟ್ರಿಪ್ ಆಯಿತು, 34.50 ರೂಪಾಯಿಯ ಬೆಲೆ 120 ಆಯಿತು. ಎರಡೂ ಅಂಕಿಗಳೇ ಆದ್ದರಿಂದ ಪ್ರೋಗ್ರಾಂ ತಕರಾರು ಎತ್ತಲಿಲ್ಲ. ಸಾಲುಗಳ ಲೆಕ್ಕವೂ ಸರಿ ಬಂತು. ಬೆಳಗ್ಗೆ ಒಂದು ಆರ್ಡರೂ ಹೋಗಲಿಲ್ಲ. ಫೈಲು ನಿಂತುಹೋಗಿದ್ದರೆ ರಾತ್ರಿಯೇ ಗೊತ್ತಾಗುತ್ತಿತ್ತು. ಸದ್ದಿಲ್ಲದೆ ಒಳಗೆ ಬಂದ ತಪ್ಪು ಅದಕ್ಕಿಂತ ಅಪಾಯ.

ಇಂಥ ಬೆಳಗ್ಗೆ ಕಂಪನಿಗೆ ಬರೆಯುವ ಇಮೇಲಿನಲ್ಲಿ ಸಿಟ್ಟಿಗಿಂತ ಸಾಕ್ಷ್ಯ ಮುಂದಿರಬೇಕು. ‘ನಿಮ್ಮ ಫೈಲ್ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ‘ನಮ್ಮ ಕಡೆ ಸರಿಯಿದೆ’ ಎಂಬ ಉತ್ತರ ಬರುತ್ತದೆ. ಅವರ ಮಟ್ಟಿಗೆ ಅದು ನಿಜವೂ ಹೌದು. ಹೀಗೆ ಬರೆದರೆ ಕೆಲಸವಾಗುತ್ತದೆ:

“ಮಾನ್ಯರೇ, ನಿನ್ನೆ ರಾತ್ರಿಯ ದಾಸ್ತಾನು ಫೈಲಿನಲ್ಲಿ expiry ನಂತರ hsn ಎಂಬ ಹೊಸ ಕಾಲಂ ಬಂದಿದೆ. ಮೊನ್ನೆಯವರೆಗೆ ಇರಲಿಲ್ಲ, ಎರಡೂ ದಿನದ ತಲೆಸಾಲು ಮತ್ತು ಒಂದೊಂದು ಸಾಲು ಕೆಳಗಿದೆ. ಇದರಿಂದ ದಾಸ್ತಾನು, ಬೆಲೆ ಎರಡೂ ತಪ್ಪಾಗಿ ದಾಖಲಾಗಿ ಇಂದಿನ ಆರ್ಡರ್‌ಗಳು ನಿಂತಿವೆ. ದಯವಿಟ್ಟು ನಿನ್ನೆಯ ಫೈಲನ್ನು ಹಳೆಯ ವಿನ್ಯಾಸದಲ್ಲಿ ಇಂದು ಮಧ್ಯಾಹ್ನದೊಳಗೆ ಮತ್ತೆ ಕಳಿಸಿ. ಈ ಬದಲಾವಣೆ ಉದ್ದೇಶಪೂರ್ವಕವೇ ಎಂದು ತಿಳಿಸಿ. ಹೌದಾದರೆ ಹೊಸ ವಿನ್ಯಾಸ ಯಾವ ದಿನದಿಂದ ಎಂದು ಇಬ್ಬರೂ ಒಪ್ಪುವವರೆಗೆ ಹಳೆಯದನ್ನೇ ಮುಂದುವರಿಸಿ.”

ಕೊನೆಯ ಎರಡು ವಾಕ್ಯ ಬಹಳ ಮುಖ್ಯ. ಅವಸರದಲ್ಲಿ ನಾವು ನಮ್ಮ ಪ್ರೋಗ್ರಾಂ ತಿದ್ದಿ ಏಳು ಕಾಲಂ ಓದುವಂತೆ ಮಾಡಿಬಿಡುತ್ತೇವೆ. ಅತ್ತ ಅವರೂ ತಪ್ಪಾಯಿತೆಂದು ಹಳೆಯ ಆರಕ್ಕೆ ಮರಳುತ್ತಾರೆ. ಆಗ ಮರುದಿನ ರಾತ್ರಿ ಫೀಡ್ ಮತ್ತೆ ಕೆಡುತ್ತದೆ.

ಸಿಎಸ್‌ವಿ ಬಗ್ಗೆ 2005ರಲ್ಲಿ ಬಂದ RFC 4180 ದಾಖಲೆಯಲ್ಲೂ ತಲೆಸಾಲು ಐಚ್ಛಿಕವೇ. ಯಾವ ಕಾಲಂ ಎಲ್ಲಿರಬೇಕೆಂಬುದು ಇಬ್ಬರ ನಡುವಿನ ಮಾತು, ಅದು ಒಪ್ಪಂದದಲ್ಲಿ ಬರಹವಾಗಿರಬೇಕು. ಜೊತೆಗೆ ನಮ್ಮ ಕಡೆಯಲ್ಲೂ ಒಂದು ತಡೆ ಬೇಕು: ತಲೆಸಾಲು ನಿನ್ನೆಯದಕ್ಕಿಂತ ಒಂದಕ್ಷರ ಬೇರೆಯಿದ್ದರೂ ಫೈಲನ್ನು ಒಳಗೆ ಬಿಡದೆ, ಪಾಳಿಯಲ್ಲಿರುವವರಿಗೆ ಸಂದೇಶ ಹೋಗಬೇಕು. ಸರಿಯಾದ ಫೈಲ್ ಬಂದ ಮೇಲೂ ಅಂದಿನ ಆರ್ಡರ್‌ಗಳನ್ನು ಕೈಯಾರೆ ಲೆಕ್ಕ ಹಾಕಿ ಕಳಿಸಬೇಕು, ಇನ್ಸುಲಿನ್‌ನಂಥವನ್ನು ಮೊದಲು.